ಒಂದು ಅಂದರೆ ವರ್ಷದ ಪ್ಲಾನ್

ಮಾತು ಕಳೆದುಕೊಂಡವರಿಂದ ದುಡ್ಡು ಕೀಳುವುದು ಕಷ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕನೆಯ ಮಹಡಿಯ ಆ ಆಫೀಸಿನಲ್ಲಿ ಮೂವತ್ತು ಜನ ಒಳ್ಳೊಳ್ಳೆಯ ಕುರ್ಚಿಗಳಲ್ಲಿ ಕೂತು ಅದನ್ನೇ ಸಲೀಸಾಗಿ ಮಾಡುತ್ತಿದ್ದರು. ಅವರ ಆ್ಯಪ್ ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗೆ ದಿನಕ್ಕೆ ಅರ್ಧ ಗಂಟೆ ಮಾತಿನ ಅಭ್ಯಾಸ ಮಾಡಿಸುತ್ತಿತ್ತು. ಅಭ್ಯಾಸಗಳೇನೋ ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಬಾರದು. ಮೊದಲ ವಾರ ಪುಕ್ಕಟೆ. ಆದರೆ ಆ ಪುಕ್ಕಟೆಗೂ ಕಾರ್ಡಿನ ನಂಬರ್ ಮೊದಲೇ ಕೊಡಬೇಕು. ಎಂಟನೆಯ ದಿನದಿಂದ ತಿಂಗಳು ತಿಂಗಳು ದುಡ್ಡು ತಾನೇ ತಾನಾಗಿ ಕಟ್ ಆಗುತ್ತಿತ್ತು. ಸೇರಿಕೊಳ್ಳಲು ಒಂದು ಸಲ ಒತ್ತಿದರೆ ಮುಗಿಯಿತು. ಬಿಟ್ಟು ಹೋಗುವುದು ಮಾತ್ರ ಅಷ್ಟು ಸುಲಭವಿರಲಿಲ್ಲ.

ಬಿಟ್ಟು ಹೋಗುವ ಹೊಸ ದಾರಿಯನ್ನು ರೂಪಿಸಿದವಳು ಅಲ್ಲಿನ ಡಿಸೈನರ್. ಒಂಬತ್ತು ವರ್ಷದ ಅನುಭವ, ಬಣ್ಣ ಅಕ್ಷರಗಳ ವಿಷಯದಲ್ಲಿ ಮಹಾ ಶಿಸ್ತು, ಒಂದು ಗೆರೆ ಕೂದಲೆಳೆಯಷ್ಟು ಆಚೀಚೆ ಆದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಇಂಥ ಶಿಸ್ತಿನ ಹೆಂಗಸು 'ರದ್ದು ಮಾಡಿ' ಎಂಬುದನ್ನು ಸಹಾಯದ ಪುಟದ ತಳದಲ್ಲಿ, ಬೂದಿ ಬಣ್ಣದಲ್ಲಿ, ಇರುವೆ ಗಾತ್ರದಲ್ಲಿ ಇಟ್ಟಿದ್ದಳು. ಅದನ್ನು ಹುಡುಕಿ ಒತ್ತಿದವರಿಗೆ ಇನ್ನೊಂದು ಪುಟ ಬರುತ್ತಿತ್ತು. ಅಲ್ಲಿ ಅಂಗೈಯಗಲದ ಹಸಿರು ಗುಂಡಿ: 'ಚೇತರಿಕೆ ಮುಂದುವರಿಸಿ'. ಅದರ ಕೆಳಗೆ ಸಣ್ಣಗೆ: 'ಬೇಡ, ನನಗೆ ಮಾತು ಮರಳಿ ಬರುವುದು ಬೇಡ'. ಬಿಡಬೇಕೆನ್ನುವವರು ತಮ್ಮನ್ನೇ ಶಪಿಸಿಕೊಂಡು ಅದನ್ನು ಒತ್ತಬೇಕು. ಆಮೇಲೂ ಬಿಡುಗಡೆಯಿಲ್ಲ. ಕೊನೆಯಲ್ಲಿ ಒಂದು ಫೋನ್ ನಂಬರ್. ಕರೆ ಮಾಡಿದರೆ ಯಂತ್ರದ ದನಿ ಮಾತಾಡಿಸುತ್ತಿತ್ತು. ಈ ಬಗೆಯ ಕುತಂತ್ರಕ್ಕೆ ಆ ಕಸುಬಿನವರು ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಬೇರೆಯವರು ಮಾಡಿದಾಗ ಮಾತ್ರ ಹಾಗೆನ್ನುತ್ತಾರೆ. ತಾವು ಮಾಡಿದಾಗ ಅದಕ್ಕೆ 'ಉಳಿಸಿಕೊಳ್ಳುವ ಹಾದಿ' ಎಂದು ಹೆಸರು.

ಈ ಹಾದಿಯನ್ನು ಕೇಳಿ ಮಾಡಿಸಿಕೊಂಡವನು ಗ್ರಾಫಣ್ಣ. ಕಂಪನಿಯ ಬೆಳವಣಿಗೆ ವಿಭಾಗದ ಮುಖ್ಯಸ್ಥ. ಗ್ರಾಫ್ ಮೇಲೇರಿದರೆ ನಗು, ಇಳಿದರೆ ಜ್ವರ, ಹೀಗಾಗಿ ಬೆನ್ನ ಹಿಂದೆ ಎಲ್ಲರೂ ಅವನಿಗೆ ಇಟ್ಟ ಹೆಸರು ಅದು. "ಮೇಡಂ, ನಾವೇನೂ ಬಾಗಿಲು ಹಾಕ್ತಿಲ್ಲ. ಹೋಗೋ ಮುಂಚೆ ಒಂದ್ಸಲ ಯೋಚನೆ ಮಾಡಿ ಅಂತೀವಿ ಅಷ್ಟೇ" ಎಂದಿದ್ದ. ಎಂಥ ಕರುಣಾಳು. ಅವಳಿಗೆ ಅದು ಕಣ್ಣಿಗೆ ಮಣ್ಣೆರಚುವ ಮಾತೆಂದು ಗೊತ್ತಿತ್ತು. ಗೊತ್ತಿದ್ದೂ ಜಾಣಕಿವುಡು ಮಾಡಿದಳು. ಕೇಳಿದ್ದನ್ನು ಮಾಡಿ ಕೊಡುವುದು ತನ್ನ ಕೆಲಸ, ಕೇಳಿದ್ದು ಸರಿಯೋ ತಪ್ಪೋ ನೋಡುವುದು ಮೇಲಿನವರ ಕೆಲಸ ಎಂದು ತನಗೆ ತಾನೇ ಹೇಳಿಕೊಂಡಳು.

ಆದರೆ ಅಲ್ಲೊಂದು ನಿಯಮವಿತ್ತು. ಆಸ್ಪತ್ರೆಗಳು ಹಟ ಹಿಡಿದು ಹಾಕಿಸಿದ್ದ ನಿಯಮ. ಅದಿಲ್ಲದಿದ್ದರೆ ರೋಗಿಗಳಿಗೆ ಈ ಆ್ಯಪನ್ನು ಹೇಳುವುದೇ ಇಲ್ಲ ಎಂದಿದ್ದವು. ಯಾವುದೇ ಹೊಸ ಪರದೆ ಹೊರಗೆ ಹೋಗುವ ಮೊದಲು ಒಬ್ಬರು ಒಂದು ಫಾರಂಗೆ ಸಹಿ ಹಾಕಬೇಕು. ಅದರಲ್ಲಿ ಹೀಗಿತ್ತು: 'ಇದನ್ನು ರೋಗಿಯೊಬ್ಬರು ಬಳಸುವುದನ್ನು ಕಣ್ಣಾರೆ ನೋಡಿದ್ದೇನೆ. ಅವರು ಅಂದುಕೊಂಡದ್ದೇ ಆಯಿತು. ಇದಕ್ಕೆ ನಾನು ಹೊಣೆ.' ನೂರಕ್ಕೆ ಐದು ಜನರ ಮೇಲೆ ಪ್ರಯೋಗ ಶುರುವಾದಾಗ ಡಿಸೈನರ್ ಯಾರನ್ನೂ ನೋಡದೆಯೇ ಸಹಿ ಹಾಕಿದ್ದಳು. ಎಲ್ಲರೂ ಹಾಗೇ ಹಾಕುತ್ತಿದ್ದರು. ಎರಡೇ ವಾರದಲ್ಲಿ ಗ್ರಾಫು ಜಿಗಿಯಿತು. ರದ್ದು ಮಾಡಲೆಂದು ಕರೆ ಮಾಡಿದವರಲ್ಲಿ ಮೂರರಲ್ಲೊಬ್ಬರು ರದ್ದು ಮಾಡುವುದಿರಲಿ, ವರ್ಷದ ಪ್ಲಾನನ್ನೇ ತೆಗೆದುಕೊಂಡಿದ್ದರು. ಗ್ರಾಫಣ್ಣ ಮೀಟಿಂಗಿನಲ್ಲಿ ಅವಳನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದ. ಅವಳೂ ನಿಂತು ಹೊಡೆಸಿಕೊಂಡಳು. ಬಿಡಲು ಬಂದವರು ಹೀಗೇಕೆ ಇನ್ನೊಂದು ವರ್ಷಕ್ಕೆ ಕಟ್ಟಿಕೊಂಡರು ಎಂದು ಆ ಮೂವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಗುರುವಾರ ಅದನ್ನು ಎಲ್ಲರಿಗೂ ಬಿಡುವುದೆಂದು ಆಯಿತು. ಇಷ್ಟು ದೊಡ್ಡ ಬದಲಾವಣೆಗೆ ಆಸ್ಪತ್ರೆಯವರು ವಿಡಿಯೊ ಕೇಳುತ್ತಾರೆ, ಆದ್ದರಿಂದ ಈ ಸಲ ನಿಜವಾಗಿಯೂ ಒಬ್ಬ ರೋಗಿಯನ್ನು ಕೂರಿಸಬೇಕಾಯಿತು. ಡಿಸೈನರ್ ತನ್ನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವವಳು. ಆ್ಯಪಿನ ಅಭ್ಯಾಸಗಳಿಗೆ ಸಲಹೆ ಕೊಟ್ಟವಳೂ ಅವಳೇ, ರೋಗಿಗಳಿಗೆ "ನನ್ ತಂಗಿ ಮಾಡಿರೋದು, ಧೈರ್ಯವಾಗಿ ಹಾಕ್ಕೊಳ್ಳಿ" ಎಂದು ಹೇಳಿ ಹಾಕಿಸಿದವಳೂ ಅವಳೇ.

ಬುಧವಾರ ಬೆಳಿಗ್ಗೆ ಅಕ್ಕ ಒಬ್ಬರನ್ನು ಕರೆತಂದಳು. ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಅರವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಷರ್ಟು, ಬಲಗೈ ಸ್ವಲ್ಪ ಜೋತುಬಿದ್ದಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕೆಂದದ್ದು ಬಾಯಿಗೆ ಬರುವುದಿಲ್ಲ. ಅಕ್ಕ ಅವರ ಪಕ್ಕ ಕೂತಳು. ಒಂದೇ ಕಡೆಯಿಂದ ಕಾಣುವ ಕಪ್ಪು ಗಾಜಿನ ಈಚೆ ಡಿಸೈನರೂ ಗ್ರಾಫಣ್ಣನೂ ಕೂತರು. ಕೊಟ್ಟ ಕೆಲಸ ಒಂದೇ: ಚಂದಾ ರದ್ದು ಮಾಡಿ.

ಜೀವಮಾನವೆಲ್ಲ ಗುಂಡಿಗಳನ್ನು ರಿಪೇರಿ ಮಾಡಿದ ಮನುಷ್ಯ. ಒತ್ತಿದ ಗುಂಡಿ ಹೇಳಿದ ಮಹಡಿಗೇ ಕರೆದೊಯ್ಯಬೇಕು ಎಂಬುದು ಅವರ ಕಸುಬಿನ ಮೊದಲ ಪಾಠ. ಇಲ್ಲಿ ಪಾಪ, ಹತ್ತು ನಿಮಿಷ ತಡಕಾಡಿದರು. ಬೂದಿ ಅಕ್ಷರ ಸಿಕ್ಕಿತು. ಮಾತು ಮರಳಿ ಬರುವುದು ಬೇಡ ಎಂಬ ಸಾಲನ್ನು ಎರಡು ಸಲ ಓದಿ, ಅಕ್ಕನ ಮುಖ ನೋಡಿದರು. ಅಕ್ಕನ ಮುಖ ಆಗಲೇ ಬಿಗಿದಿತ್ತು. ಅವರು ಒತ್ತಿದರು. ಫೋನ್ ನಂಬರ್ ಬಂತು, ಕರೆ ಹೋಯಿತು.

ಯಂತ್ರ ಹೇಳಿತು: "ವರ್ಷದ ರಿಯಾಯಿತಿ ಪ್ಲಾನ್ ಬೇಕಿದ್ದರೆ ಒಂದು ಎನ್ನಿ. ರದ್ದು ಮಾಡಲು ನಿಮ್ಮ ಕಾರಣವನ್ನು ಪೂರ್ತಿ ವಾಕ್ಯದಲ್ಲಿ ತಿಳಿಸಿ."

ಮೆಕ್ಯಾನಿಕ್ಕರ ತುಟಿ ಅಲ್ಲಾಡಿತು. ಏನೂ ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಆಮೇಲೆ ಅವರು ಕಣ್ಣು ಮುಚ್ಚಿ, ಎಡಗೈಯಿಂದ ಮೇಜನ್ನು ತಟ್ಟುತ್ತ, ಸ್ಪಷ್ಟವಾಗಿ ಶುರುಮಾಡಿದರು: "ಒಂದು. ಎರಡು. ಮೂರು..."

"ಧನ್ಯವಾದ" ಎಂದಿತು ಯಂತ್ರ. "ನಿಮ್ಮ ವರ್ಷದ ಪ್ಲಾನ್ ಶುರುವಾಗಿದೆ." ಕರೆ ಕಟ್ಟಾಯಿತು. ಅವರು ಐದರವರೆಗೂ ಎಣಿಸಿ ಕಣ್ಣು ತೆರೆದರು.

ಗಾಜಿನ ಈಚೆ ಗ್ರಾಫಣ್ಣ "ನೋಡಿದ್ರಾ, ಅಪ್‌ಗ್ರೇಡ್" ಎನ್ನುತ್ತ ಬರೆದುಕೊಂಡ.

"ಯಾಕೆ ಎಣಿಸಿದ್ರು ಅವ್ರು?" ಎಂದಳು ಡಿಸೈನರ್.

"ಯಾಕಾದ್ರೂ ಇರ್ಲಿ."

ಅವಳು ಎದ್ದು ಗಾಜಿನ ಆಚೆಗೆ ಹೋದಳು. ಅಕ್ಕ ತಲೆ ಎತ್ತಲಿಲ್ಲ. "ಮಾತು ಸಿಕ್ಕಿಹಾಕ್ಕೊಂಡಾಗ ಒಂದರಿಂದ ಎಣಿಸಿ ಅಂತ ಹೇಳಿಕೊಟ್ಟಿದೀವಿ. ಬಾಯಿಪಾಠ ಆಗಿರೋದು ತಾನಾಗೇ ಬರತ್ತೆ, ಅದರ ಹಿಂದೆ ಬೇರೆ ಮಾತು ಬರತ್ತೆ. ನಿಮ್ಮ ಆ್ಯಪಿನ ಮೊದಲನೇ ಅಭ್ಯಾಸನೇ ಅದು. ನೀನು ಅದನ್ನ ಒಂದು ದಿನಾನೂ ತೆಗೆದು ನೋಡಿಲ್ವೇನೆ?"

ನೋಡಿರಲಿಲ್ಲ. ದುಡ್ಡು ಕಟ್ಟುವ ಪುಟದಿಂದ ಮುಂದಕ್ಕೆ ಅವಳು ಯಾವತ್ತೂ ಹೋಗಿರಲಿಲ್ಲ. ಮೊದಲು ಕೇಳಿದ ಆಯ್ಕೆಯನ್ನೇ ಜನ ಹಿಡಿಯುತ್ತಾರೆಂದು 'ಒಂದು' ಎಂಬುದನ್ನು ವರ್ಷದ ಪ್ಲಾನಿಗೆ ಇಟ್ಟವಳು ಅವಳು. ಮೂರರಲ್ಲೊಬ್ಬರು ಯಾಕೆ ಕಟ್ಟಿಕೊಂಡರೆಂದು ಈಗ ಗೊತ್ತಾಯಿತು. ಆ ಜಿಗಿದ ಗ್ರಾಫು, ಆ ಚಪ್ಪಾಳೆ, ಎಲ್ಲ ಇದೇ: ಮಾತು ಬಾರದೆ ಎಣಿಸಿದವರು.

"ಇದನ್ನ ಮಾಡಿದ ಪುಣ್ಯಾತ್ಮ ಯಾರು?" ಎಂದಳು ಅಕ್ಕ.

ನಮ್ಮ ತಂಡ ಎನ್ನಬಹುದಿತ್ತು. ಆ ಆಫೀಸಿನಲ್ಲಿ ಪಾಪಗಳನ್ನೆಲ್ಲ ತಂಡವೇ ಮಾಡುತ್ತಿತ್ತು, ಬಡ್ತಿ ಮಾತ್ರ ಒಬ್ಬೊಬ್ಬರಿಗೆ ಸಿಗುತ್ತಿತ್ತು.

"ನಾನು" ಎಂದಳು.

ಅಕ್ಕ ಮೆಕ್ಯಾನಿಕ್ಕರನ್ನು ಎಬ್ಬಿಸಿ, ಅವರ ಷರ್ಟಿನ ತೋಳು ಸರಿಮಾಡಿ, ಕರೆದುಕೊಂಡು ಹೊರಟೇಹೋದಳು.

ಮಧ್ಯಾಹ್ನ ಗ್ರಾಫಣ್ಣ ಫಾರಂ ಕಳಿಸಿದ. ಅವಳು ಸಹಿ ಹಾಕಲಿಲ್ಲ. ಅವನೇ ಅವಳ ಮೇಜಿಗೆ ಬಂದ.

"ಒಬ್ಬರು ಏನೋ ಎಣಿಸಿದ್ರು ಅಂತ ಇಡೀ ಕಂಪನಿ ಹೊಟ್ಟೆ ಮೇಲೆ ಹೊಡೀತೀರಾ? ಅವರನ್ನ ಲೆಕ್ಕದಿಂದ ತೆಗೆದ್ರಾಯ್ತು. ಬೇರೆ ಯಾರನ್ನಾದ್ರೂ ಕೂರಿಸಿ, ಸ್ವಲ್ಪ ಮಾತು ಬರೋರನ್ನ."

"ಮಾತು ಬರೋರಿಗೆ ಈ ಆ್ಯಪ್ ಯಾಕೆ ಸರ್?"

"ಮೇಡಂ, ಸಹಿ ಬರೀ ಶಾಸ್ತ್ರಕ್ಕೆ."

"ಹಾಗಾದ್ರೆ ನೀವೇ ಹಾಕಿ. ವಿಡಿಯೊ ಜೊತೆಗೇ ಇಟ್ಟಿದೀನಿ. ನೋಡಿದೀನಿ, ನಾನು ಹೊಣೆ ಅಂತಿದೆ. ನೀವೂ ನೋಡಿದೀರಲ್ಲ."

ಗ್ರಾಫಣ್ಣ ಬಗ್ಗಿ ಪರದೆಯ ಮೇಲಿನ ಮೂರು ಸಾಲು ಓದಿದ. ಬಹುಶಃ ಮೊದಲ ಸಲ ಓದಿದ. ಮೌಸಿನ ಮೇಲಿದ್ದ ಕೈ ಮೆಲ್ಲಗೆ ಜೇಬಿಗೆ ಹೋಯಿತು. ಕಾನೂನು ವಿಭಾಗದವರನ್ನು ಕೇಳಬೇಕು ಎಂದ. ಅವರು ಕಂಪನಿಯ ಮುಖ್ಯಸ್ಥರನ್ನು ಕೇಳಬೇಕು ಎಂದರು. ಮುಖ್ಯಸ್ಥರು ಅಂದು ಸಿಗಲಿಲ್ಲ, ಮರುದಿನವೂ ಸಿಗಲಿಲ್ಲ. ಶಾಸ್ತ್ರಕ್ಕೆ ಸಾಕಾದ ಒಂದು ಸಹಿ, ಹೊಣೆಯೆಂದೊಡನೆ, ಆ ಇಡೀ ಮಹಡಿಯಲ್ಲಿ ಒಂದು ಕೈಗೂ ಸಿಗಲಿಲ್ಲ. ಗುರುವಾರ ಸಂಜೆಯ ಹೊತ್ತಿಗೆ ಪ್ರಯೋಗ ಸದ್ದಿಲ್ಲದೆ ನಿಂತಿತು. ಡಿಸೈನರನ್ನು ಶುಕ್ರವಾರ, ಅಷ್ಟೇ ಸದ್ದಿಲ್ಲದೆ, ಕಂಪನಿ ಹಂಚುವ ಕಾಫಿ ಮಗ್ಗುಗಳ ಮೇಲೆ ಚಿತ್ರ ಬರೆಯುವ ಜಾಹೀರಾತು ಕೆಲಸಕ್ಕೆ ತಳ್ಳಿದರು.

ಎದ್ದು ನಿಂತು ಗೆದ್ದೆ ಎಂದು ಬೀಗಲು ಅವಳಿಗೆ ಹಕ್ಕಿರಲಿಲ್ಲ. ಗುರುವಾರದ ಫಾರಂ ಖಾಲಿಯಿತ್ತು, ನಿಜ. ಪ್ರಯೋಗದ ಫಾರಂ ಖಾಲಿಯಿರಲಿಲ್ಲ. ಅದರಲ್ಲಿ ಅವಳ ಸಹಿ ಅಂದವಾಗಿ ಕೂತಿತ್ತು. ಎಣಿಸಿ ಸಿಕ್ಕಿಬಿದ್ದವರು ಇನ್ನೂರ ಹನ್ನೆರಡು ಜನ. ಅವರಿಗೆ ತಿಳಿಸಿ ಎಂದು ಕೇಳಿದರೆ ಕಾನೂನಿನವರು ಯಾರಾದರೂ ದೂರು ಕೊಟ್ಟರೆ ನೋಡೋಣ ಎಂದರು. ದೂರು ಕೊಡುವುದಕ್ಕೂ ಫೋನೇ ಮಾಡಬೇಕಿತ್ತು.

ಆಗ ಅವಳು ವಿಡಿಯೊದಲ್ಲಿ ರೋಗಿಯ ಮುಖ ಮರೆಮಾಡಿ, ತನ್ನ ಹೆಸರನ್ನು ಮರೆಮಾಡದೆ, ಸಹಿಯ ನಿಯಮ ಹಾಕಿಸಿದ್ದ ಆಸ್ಪತ್ರೆಗಳ ಸಮಿತಿಗೆ ಕಳಿಸಿದಳು. ಅಕ್ಕನಿಗೂ ಫೋನ್ ಮಾಡಿದಳು. "ನಿನ್ನ ರೋಗಿಗಳಿಗೆ ನಾನು ಹೇಳ್ತೀನಿ" ಎಂದಳು.

"ನೀನೇ ಬಂದು ಹೇಳು" ಎಂದಳು ಅಕ್ಕ. "ನನ್ನ ಮಾತಿಗೆ ಈಗ ಬೆಲೆ ಇಲ್ಲ."

ಆಸ್ಪತ್ರೆಯಲ್ಲಿ ಅಕ್ಕ ಚಿಕಿತ್ಸೆ ಕೊಡುವ ಕೋಣೆಯಲ್ಲಿ ಹನ್ನೆರಡು ಜನ ರೋಗಿಗಳು ಅರ್ಧ ವೃತ್ತದಲ್ಲಿ ಕೂತಿದ್ದರು. ಲಿಫ್ಟ್ ಮೆಕ್ಯಾನಿಕ್ಕರೂ ಇದ್ದರು. ಡಿಸೈನರ್ ರಾತ್ರಿಯೇ ವಾಕ್ಯಗಳನ್ನು ಬರೆದು ತಿದ್ದಿ ಇಟ್ಟುಕೊಂಡಿದ್ದಳು. ತಪ್ಪು ಕಾಣದ ಹಾಗೆ ತಪ್ಪನ್ನು ಒಪ್ಪಿಕೊಳ್ಳುವ ವಾಕ್ಯಗಳು, ಆಫೀಸಿನಲ್ಲಿ ಕಲಿತಂಥವು. ಎದ್ದು ನಿಂತಳು. ಆ ಮುಖಗಳನ್ನು ನೋಡಿದಳು. ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ.

ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಸುಮ್ಮನಿದ್ದಳು. ಆ ಕೋಣೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಿಕೊಡುವಂತಿಲ್ಲ. ಬರುವ ತನಕ ಕಾಯುವುದೇ ಅಲ್ಲಿನ ಕ್ರಮ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಯಾರೂ ಕೆಮ್ಮಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಹನ್ನೆರಡು ಜನ ಅವಳಿಗೆ ಮಾತು ಬರಲೆಂದು ಕಾಯುತ್ತ ಕೂತಿದ್ದರು.