ಮಧ್ಯಾಹ್ನದ ಪಾಕೀಟು

ಪರಮೇಶಪ್ಪನ ಕಣ್ಣು ಹಳದಿಯಾಗಿರಲಿಲ್ಲ. ಮೂರು ದಿನದಿಂದ ಕನ್ನಡಿ ಹಿಡಿದು ನೋಡಿಕೊಂಡಿದ್ದ. ಕಣ್ಣು ಬೆಳ್ಳಗಿದ್ದ ಮೇಲೆ ಲಿವರ್ ಕೆಟ್ಟಿದೆ ಅನ್ನುವುದು ಯಾವ ಸೀಮೆಯ ಮಾತು? ಇಪ್ಪತ್ತು ವರ್ಷದಿಂದ ಮಾಸೂರಿನಲ್ಲಿ ಬೋರಿನ ಮೋಟಾರು ವೈಂಡಿಂಗ್ ಮಾಡುವವನು ಅವನು. ಸುಟ್ಟ ಮೋಟಾರು ಮೂಗಿಗೇ ಗೊತ್ತಾಗುತ್ತದೆ. ಇಲ್ಲಿ ನೋಡಿದರೆ ಹೊಗೆಯಿಲ್ಲ, ವಾಸನೆಯಿಲ್ಲ, ಒಂದು ಕಾಗದ ನೋಡಿ ನಂಬಬೇಕಂತೆ.

ಹಿರೇಕೆರೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಮದಿಹಾ ಆ ಕಾಗದವನ್ನು ಅವನ ಕಡೆ ತಿರುಗಿಸಿದರು. ಊಟ ಸೇರುತ್ತಿಲ್ಲ, ಬೆಳಿಗ್ಗೆ ಎದ್ದರೆ ಓಕರಿಕೆ ಎಂದು ಹೆಂಡತಿ ನೀಲಾಂಬಿಕಾ ಅವನನ್ನು ಎಳೆತಂದು ಪರೀಕ್ಷೆಗೆ ರಕ್ತ ಕೊಡಿಸಿದ್ದಳು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದಳು.

"ಇದು ಎಸ್‌ಜಿಒಟಿ. ಲಿವರಿನ ಲೆಕ್ಕ, ನಲವತ್ತರ ಒಳಗ ಇರಬೇಕು, ನಿಮ್ದು ನೂರಾ ನಲವತ್ತೆರಡು. ಇದು ಎಸ್‌ಜಿಪಿಟಿ, ಅರವತ್ತೊಂದು. ಮೊದಲಿಂದು ಹಿಂಗ ಎರಡನೇದ್ರ ಎರಡು ಪಟ್ಟು ದಾಟಿದ್ರ ನಮಗ ಕುಡಿತದ ಸಂಶಯ ಬರ್ತೈತ್ರಿ. ಜಿಜಿಟಿ ಅಂತ ಇನ್ನೊಂದು ಲಿವರ್ ಟೆಸ್ಟೂ ಐದು ಪಟ್ಟು ಏರೈತಿ."

"ಕಾಮಾಲೆ ಐತೇನ್ರಿ?"

"ಇಲ್ಲ."

"ಮತ್ತ?"

"ಕಾಮಾಲೆ ಬರೂತನಕ ಕಾಯೂನೇನ್ರಿ? ದಿನಾ ಎಷ್ಟು ಕುಡೀತೀರಿ?"

"ನೈಂಟಿ ಪಾಕೀಟು, ಒಂದು... ಎರಡು."

ನೀಲಾಂಬಿಕಾ ಮೇಲಿನ ಫ್ಯಾನು ನೋಡುತ್ತ, "ನಾಕು," ಎಂದಳು.

"ಬರೇ ಅದನ್ನ ಕುಡಿಯಂಗಿಲ್ರಿ ನಾನು," ಪರಮೇಶಪ್ಪ ತಡೆದ. "ಮ್ಯಾಲೆ ಎರಡು ಚಮಚ ಲಿವರ್ ಟಾನಿಕ್ ತಗೋತೇನಿ."

"ನಾಕು ಪಾಕೀಟಿನ ಮುಂದ ಆ ಟಾನಿಕ್ ಏನೂ ಮಾಡಂಗಿಲ್ರಿ."

ಪರಮೇಶಪ್ಪನ ತಲೆ ಬಿಸಿಯಾಯಿತು. ಮಗಳ ವಯಸ್ಸಿನ ಡಾಕ್ಟರು, ಅದೂ ಹೆಂಡತಿಯ ಎದುರಿಗೆ. ಮೇಜು ಗುದ್ದಿ ಹೇಳಿದ: "ಆತು. ಈ ಖುರ್ಚಿ ಬಿಟ್ಟು ಏಳೂದ್ರಾಗ ಬಂದ್. ಇನ್ನ ಒಂದು ಹನಿ ಮುಟ್ಟಂಗಿಲ್ಲ."

ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದ. ಡಾಕ್ಟರು ಅನ್ನಲಿಲ್ಲ. "ಹಿಂದ ಯಾವಾಗರ ಬಿಟ್ಟಿದ್ರೇನ್ರಿ?"

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ನೀಲಾಂಬಿಕಾ ಹೇಳಿದಳು: "ಹೋದ ಶ್ರಾವಣದಾಗ ಬಿಟ್ಟಿದ್ರಿ. ಮೂರನೇ ದಿನಕ್ಕ ಕೈಕಾಲು ಗಡಗಡ. ಗೋಡಿ ತುಂಬ ಇರುವಿ ಅಂತ ಕಸಬರಿಗಿ ತಗೊಂಡು ಬಡಿದೇ ಬಡಿದ್ರು. ಒಂದು ಇರುವಿನೂ ಇರಲಿಲ್ಲ. ನನ್ನ ತಮ್ಮ ಚನ್ನೇಶ ಒಂದು ಪಾಕೀಟು ಕುಡಿಸಿದ, ಸ್ವಲ್ಪ ಹೊತ್ತಿಗೆ ಮನಶ್ಯಾರಾದ್ರು. ಇವರ ಮೈಗೆ ಅದು ಬೇಕು ಅಂದ್ರು ಎಲ್ಲಾರೂ. ಆವಾಗಿಂದ ನಾನ ಹೊತ್ತಿಗೆ ಸರಿಯಾಗಿ ಕೊಡ್ತೇನಿ. ಮುಂಜಾನೆ ಒಂದು, ಮಧ್ಯಾಹ್ನ ಒಂದು, ಸಂಜೀಕ ಎರಡು."

ಚೀಲದಲ್ಲಿ ಕೈಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ಮಧ್ಯಾಹ್ನದ ಪಾಕೀಟು ತೆಗೆದು ರಿಪೋರ್ಟಿನ ಮೇಲೆ ಇಟ್ಟಳು.

ಡಾಕ್ಟರ ಪೆನ್ನು ನಿಂತಿತು. "ಹಂಗಾದ್ರ ಮನಿಯಾಗ ಒಮ್ಮೆಲೇ ಬಿಡಬ್ಯಾಡ್ರಿ."

"ಏನ್ರಿ ಇದು?" ಪರಮೇಶಪ್ಪ ಎದ್ದೇ ನಿಂತ. "ಕುಡದ್ರ ಲಿವರ್ ಹೋಗ್ತೈತಿ ಅಂತೀರಿ. ಬಿಡ್ತೇನಿ ಅಂದ್ರ ಬಿಡಬ್ಯಾಡ ಅಂತೀರಿ. ನಾ ಏನು, ನಡು ಬಾಗಿಲದಾಗ ನಿಂದರ್ಲೇನು?"

"ಬಿಡಾಕಬೇಕು. ಆದ್ರ ಇಲ್ಲಿ, ನಮ್ಮ ಕಣ್ಣೆದುರಿಗೆ. ನಿಮ್ಮ ಮೆದುಳಿಗೆ ಅದು ರೂಢಿ ಆಗೈತ್ರಿ. ಒಮ್ಮೆಲೇ ತಪ್ಪಿಸಿದ್ರ ನಡುಕ, ಇಲ್ಲದ್ದು ಕಾಣೂದು, ಫಿಟ್ಸು. ಜೀವಕ್ಕೂ ಅಪಾಯ. ಪಾಕೀಟಿನ ಬದಲಿ ಗುಳಿಗಿ ಕೊಟ್ಟು, ಅದನ್ನ ದಿನಾ ಕಡಿಮಿ ಮಾಡ್ಕೋತ ಬರ್ತೇವಿ, ವಿಟಮಿನ್ ಇಂಜೆಕ್ಷನ್ ಹಾಕ್ತೇವಿ. ಸ್ಕ್ಯಾನಿನಾಗ ಲಿವರಿಗೆ ಕೊಬ್ಬು ಕಟ್ಟಿದ್ದಷ್ಟ ಕಾಣ್ತೈತಿ, ಗಟ್ಟಿ ಆಗಿದ್ದು ಕಾಣವಲ್ದು. ಪೂರ್ತಿ ಬಿಟ್ರ ಸುಧಾರಿಸ್ತೈತಿ. ಗಟ್ಟಿ ಆದಮ್ಯಾಲೆ ಮೊದಲಿನಂಗ ಆಗೂದು ಕಷ್ಟ. ಇವತ್ತ ಬೆಡ್ ಐತ್ರಿ."

"ಚಿಕ್ಕೇರೂರಿನವರ ಮೋಟಾರು ಬಿಚ್ಚಿಟ್ಟು ಬಂದೇನಿ."

"ಬಿಚ್ಚಿದ್ದು ಓಡಿ ಹೋಗಂಗಿಲ್ಲ," ಎಂದಳು ನೀಲಾಂಬಿಕಾ. ಆಮೇಲೆ ಮೆಲ್ಲಗೆ, "ಡಾಕ್ಟರ್ ಬಾಯಾರ, ನಾನ ಕೊಟ್ಟು ಕೆಡಿಸಿದ್ನೇನ್ರಿ?"

"ನಿಮಗ ಯಾರೂ ತಿಳಿಸಿ ಹೇಳಿರಲಿಲ್ಲ. ನೀವು ಕಂಡದ್ದು ಸುಳ್ಳಲ್ಲ. ಪಾಕೀಟು ನಡುಕ ನಿಲ್ಲಿಸ್ತಿತ್ತು, ಲಿವರ್ ಕೆಡಸ್ತಿತ್ತು."

ಪರಮೇಶಪ್ಪನ ತಲೆಗೆ ಇದೂ ಪೂರ್ತಿ ಹತ್ತಲಿಲ್ಲ. ಹೆಂಡತಿಯ ಕಣ್ಣು ತುಂಬಿದ್ದು ಕಾಣಿಸಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದ. ಆದರೆ ನೋಟ ಅವಳ ಮುಖ ಬಿಟ್ಟು ಪಾಕೀಟಿಗೆ ಜಾರಿತು. ಗೋಡೆ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಹೊತ್ತು ಮೀರಿತ್ತು. ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವ ಬೆರಳುಗಳು ಮೇಜಿನ ಅಂಚಿನ ಮೇಲೆ ಟಕಟಕ ಬಡಿಯುತ್ತಿದ್ದವು. ಅವನು ಬೇಕೆಂದು ಬಡಿಯುತ್ತಿರಲಿಲ್ಲ. ಒತ್ತಿ ಹಿಡಿದ. ನಿಲ್ಲಲಿಲ್ಲ.

"ಎಲ್ಲೈತ್ರಿ ಬೆಡ್ಡು?" ಎಂದ.

ವಾರ್ಡಿನಲ್ಲಿ ನರ್ಸ್ ನುಜಹತ ಇಂಜೆಕ್ಷನ್ ಚುಚ್ಚಿ, ಅಂಗೈಗೆ ಗುಳಿಗೆ ಹಾಕಿ ಹೋದಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಲ್ಲ, ಇಷ್ಟು ದಿನ ನೀ ಕೊಟ್ಟಿದ್ದು ಔಷಧೋ, ವಿಷಾನೋ?"

"ನನಗೇನ ಗೊತ್ತು? ಎರಡೂ ಅಂದಂಗ ಆತು ಅವರು," ನೀಲಾಂಬಿಕಾ ನೀರಿನ ಲೋಟ ಅವನ ಎರಡೂ ಕೈಗೆ ಹಿಡಿಸಿ, ತನ್ನ ಕೈ ಬಿಡದೆ ಹೇಳಿದಳು. "ಮೊದಲ ಇದನ್ನ ನುಂಗ್ರಿ."