ಒಂದೇ ಒಂದು ಓಟು

"ಬಲಗಡೆಯೋರು ಸ್ವಲ್ಪ ಮೇಲೆತ್ತಿ, ಮೆಟ್ಟಿಲಿದೆ!" ಎಂದಳು ಸಿಗ್ನೆ.

ತಾಯಿ ಹುಲ್ಡಾಳ ಶವಪೆಟ್ಟಿಗೆ ಚರ್ಚಿನ ಬಾಗಿಲು ದಾಟಿತು. ಹಿಂದೆಯೇ ಕೋಲೂರಿಕೊಂಡು ಹೊರಟಿದ್ದ ಹಾಲಿನ ರೈತ, ಮುದುಕ ಬೋರ್ಬಾ, ಅವಳ ತೋಳು ಹಿಡಿದ.

"ನಿಮ್ಮಮ್ಮ ನನ್ನ ಕೊಟ್ಟಿಗೆಗೆ ಮೂರು ಸಲ ಬಂದಿದ್ಲು ಕಣಮ್ಮ. ಎರಡು ಸಲ ನಾಯಿ ಬಿಟ್ಟಿದ್ದೆ."

"ಮೂರನೇ ಸಲ?"

"ನಾಯಿಗೇ ಅವಳ ಗುರುತಾಗಿತ್ತು."

* * *

ಸಿಗ್ನೆಗೆ ಹತ್ತು ವರ್ಷವಾದಾಗ ಅಪ್ಪ ಅವಳನ್ನು ದೂರದ ಊರಲ್ಲಿದ್ದ ತನ್ನ ಅಣ್ಣನ ಹಣ್ಣಿನ ತೋಟಕ್ಕೆ ದುಡಿಯಲು ಕಳಿಸಿದ್ದ. ಹುಲ್ಡಾ ನ್ಯಾಯಾಧೀಶರ ಮುಂದೆ ನಿಂತಳು.

"ಕಾನೂನಿನಲ್ಲಿ ಮಗು ತಂದೆಯ ವಶ, ತಾಯೀ. ಅದರ ದುಡಿಮೆಯೂ ಅವನದೇ."

"ಆ ಕಾನೂನು ಮಾಡಿದೋರು ಯಾರು?"

"ಶಾಸನಸಭೆ."

"ಅವರನ್ನ ಆರಿಸಿದೋರು?"

ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡರು.

ಸಾವಿರದ ಒಂಬೈನೂರ ಹನ್ನೊಂದರಲ್ಲಿ ಕ್ಯಾಲಿಫೋರ್ನಿಯದ ಹೆಂಗಸರಿಗೆ ಮತದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆ ಜನರ ಮುಂದೆ ಬಂತು. ತೀರ್ಮಾನಿಸಬೇಕಾದವರು ಗಂಡಸರೇ. ಹೆಂಗಸರು ಕುಡಿತವನ್ನೇ ನಿಲ್ಲಿಸಿಬಿಡುತ್ತಾರೆಂದು ನಗರಗಳಲ್ಲಿ ಸಾರಾಯಿ ವ್ಯಾಪಾರಿಗಳ ವಿರೋಧ ಜೋರಾಗಿತ್ತು. ಹಾಗಾಗಿ ಹೋರಾಟದ ಹೆಂಗಸರು ಹಳ್ಳಿ ಹಿಡಿದರು. ಗಾಡಿಗಳ ಮೇಲೆ ನಿಂತು ಭಾಷಣ ಮಾಡಿದರು, ವಲಸಿಗರ ಭಾಷೆಗಳಲ್ಲೇ ಕರಪತ್ರ ಹಂಚಿದರು. ಹುಲ್ಡಾ ಪೋರ್ಚುಗೀಸ್ ಕರಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು, ಪೋರ್ಚುಗಲ್ಲಿನಿಂದ ಬಂದಿದ್ದ ಬೋರ್ಬಾನ ಕೊಟ್ಟಿಗೆಗೆ ಮೂರನೇ ಸಲ ಹೋದಳು. ಹಾಲು ಕರೆಯುತ್ತಿದ್ದ ಅವನು ತಿರುಗಿಯೂ ನೋಡಲಿಲ್ಲ. ಅವಳು ಇನ್ನೊಂದು ಮಣೆ ಎಳೆದುಕೊಂಡು ಪಕ್ಕದ ಹಸುವನ್ನು ಕರೆಯತೊಡಗಿದಳು.

"ನಿಮಗೆ ಓಟು ಬಂದ್ರೆ ನನ್ನ ವೈನು ನಿಲ್ಲಿಸ್ತೀರಿ," ಎಂದ.

"ನಿನ್ನ ವೈನು ಯಾರಿಗೆ ಬೇಕು ಮಾರಾಯ? ನಂಗೆ ಬೇಕಾಗಿರೋದು ನನ್ನ ಮಗಳು."

ಏಳು ಹಸು ಕರೆದು ಮುಗಿಸಿ, ಕೈ ತೊಳೆದು ಹೋದಳು.

ಮತದಾನದ ಸಂಜೆ ಶಾಲೆಯಲ್ಲಿ ಎಣಿಕೆ ನಡೆಯಿತು. ಮೋಸವಾಗದಂತೆ ಕಾಯಲು ಹುಲ್ಡಾ ಮೇಜಿನ ಪಕ್ಕದಲ್ಲೇ ನಿಂತು ಪ್ರತಿಯೊಂದು ಚೀಟಿಯನ್ನೂ ನೋಡಿದಳು. ಪರ ನಲವತ್ತೆರಡು, ವಿರುದ್ಧ ನಲವತ್ತೊಂದು. ಮರುದಿನ ನಗರದ ಪತ್ರಿಕೆಗಳು ಹೆಂಗಸರು ಸೋತರೆಂದು ಬರೆದವು. ಆದರೆ ಹಳ್ಳಿಗಳ ಲೆಕ್ಕ ನಿಧಾನವಾಗಿ ಬರುತ್ತಲೇ ಇತ್ತು. ಕೊನೆಗೆ ಇಡೀ ರಾಜ್ಯದಲ್ಲಿ ಗೆದ್ದ ಅಂತರ ಮೂರೂವರೆ ಸಾವಿರ ಚಿಲ್ಲರೆ. ಮತಗಟ್ಟೆಗೆ ಸುಮಾರು ಒಂದು ಓಟು.

ಎರಡು ವರ್ಷಕ್ಕೆ ಕಾನೂನು ಬದಲಾಯಿತು. ಮಗುವಿನ ಮೇಲೆ ತಾಯಿಗೂ ತಂದೆಯಷ್ಟೇ ಹಕ್ಕು ಬಂತು. ಹುಲ್ಡಾ ಆ ಕಾನೂನಿನ ಒಂದು ಪ್ರತಿ ಹಿಡಿದು ರೈಲು ಹತ್ತಿ ತೋಟಕ್ಕೆ ಹೋದಳು. ಹದಿನಾಲ್ಕರ ಸಿಗ್ನೆ ಏಣಿಯ ಮೇಲಿದ್ದಳು. "ಇಳಿಯೇ, ಮನೆಗೆ ಹೋಗೋಣ," ಎಂದಳು ಅಮ್ಮ. ದೊಡ್ಡಪ್ಪ ಕಾಗದವನ್ನು ಎರಡು ಸಲ ಓದಿ, ಒಳಗಿನಿಂದ ತಾನೇ ಅವಳ ಪೆಟ್ಟಿಗೆ ತಂದಿಟ್ಟ.

* * *

ಸಮಾಧಿಯ ಮೇಲೆ ಕೊನೆಯ ಹಿಡಿ ಮಣ್ಣು ಬಿತ್ತು.

"ಆ ಒಂದು ಓಟು ನಿಮ್ಮದೇ ಅಲ್ವಾ, ಅಜ್ಜ?" ಸಿಗ್ನೆ ಮೆಲ್ಲಗೆ ಕೇಳಿದಳು.

"ನನ್ನದೇ ಅಂತ ಹೆಂಗೆ ಹೇಳ್ಲಿ? ನಲವತ್ತೆರಡು ಜನರಲ್ಲಿ ಪ್ರತಿಯೊಬ್ಬನೂ ಹಂಗೇ ಅಂದ್ಕೊಂಡಿದ್ದಾನೆ." ಮುದುಕ ಮೂಗೊರೆಸಿಕೊಂಡ. "ಅವಳು ಎಷ್ಟು ಕೊಟ್ಟಿಗೆಗೆ ಹೋಗಿದ್ಲೋ, ದೇವರಿಗೇ ಗೊತ್ತು."

ಅಂದು ಚುನಾವಣೆಯ ದಿನ. ಸ್ಮಶಾನದಿಂದ ಹೆಂಗಸರು ಮನೆಗೆ ಹೋಗದೆ ನೇರ ಶಾಲೆಗೆ ನಡೆದರು. ಬಾಗಿಲಲ್ಲಿದ್ದ ಗಂಡಸರು ಟೋಪಿ ತೆಗೆದು ದಾರಿಬಿಟ್ಟರು. ಈಗಷ್ಟೇ ಒರೆಸಿದ್ದ ನೆಲದ ಮೇಲೆ, ಮತ ಹಾಕುವ ಪರದೆಯವರೆಗೂ, ಸಮಾಧಿಯ ಒದ್ದೆ ಮಣ್ಣಿನ ಹೆಜ್ಜೆಗಳು ಒಂದರ ಹಿಂದೊಂದು ಮೂಡುತ್ತ ಹೋದವು.