ತಿದ್ದಿ ಕಳಿಸಿದ ಇಮೇಲ್

ಐದು ತಾಲ್ಲೂಕುಗಳಲ್ಲಿ ಕುಡಿಯುವ ನೀರಿನ ಘಟಕಗಳನ್ನು ರಿಪೇರಿ ಮಾಡುವ ಸಂಸ್ಥೆಯಲ್ಲಿ ಗಂಗಾಂಬಿಕಾ ಸಂಯೋಜಕಿ. ಅವಳ ಕಚೇರಿ ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಫೆಬ್ರುವರಿಯಲ್ಲಿ ಹಲವಾಗಲು ಎಂಬ ಹಳ್ಳಿಗೆ ಒಂದೇ ದಿನ ಇಬ್ಬರು ಮೆಕ್ಯಾನಿಕ್‌ಗಳು ಹೋದರು. ಘಟಕ ಕೆಟ್ಟಿದ್ದ ಹಡಗಲಿ ತಾಲ್ಲೂಕಿನ ಹೊಳಲಿಗೆ ಮಾತ್ರ ಯಾರೂ ಹೋಗಲಿಲ್ಲ. ಅಲ್ಲಿಯವರು ನಾಲ್ಕು ದಿನ ಬೋರಿನ ನೀರನ್ನೇ ಕುಡಿದರು. ಆಮೇಲೆ ಮೇಲಿನವರು ದೂರು ದಾಖಲಿಸಲು ಒಂದು ಆ್ಯಪ್ ಮಾಡಿಸಿದರು. ಅದರ ಸುದ್ದಿಯನ್ನು ಎಲ್ಲ ತಂಡಗಳಿಗೆ ತಿಳಿಸುವ ಕೆಲಸ ಗಂಗಾಂಬಿಕಾಳ ಪಾಲಿಗೆ ಬಂತು.

ಅವಳು ಸೋಮವಾರ ಇಮೇಲ್ ಬರೆದಳು: 'ಪುಸ್ತಕದಲ್ಲಿ ಬರೆದ ದೂರುಗಳು ತಪ್ಪಿಹೋಗುತ್ತಿರುವುದರಿಂದ ಏಪ್ರಿಲ್ ಒಂದರಿಂದ ಎಲ್ಲ ದೂರುಗಳೂ ಹೊಸ ಆ್ಯಪ್‌ನಲ್ಲೇ ದಾಖಲಾಗಬೇಕು. ತರಬೇತಿ: ಮಂಗಳವಾರ ಕೊಟ್ಟೂರಿನಲ್ಲಿ, ಕೂಡ್ಲಿಗಿಯವರೂ ಅಲ್ಲಿಗೇ ಬರುವುದು, ಬುಧವಾರ ಹರಪನಹಳ್ಳಿ, ಗುರುವಾರ ಹಡಗಲಿ. ಒಂದನೇ ತಾರೀಖಿನ ನಂತರ ಪುಸ್ತಕ, ವಾಟ್ಸ್ಆ್ಯಪ್ ನಡೆಯುವುದಿಲ್ಲ.'

ಹಡಗಲಿಯ ತರಬೇತಿಗೆ ಎಲ್ಲರೂ ಬಂದರು, ಹಿರಿಯ ಮೆಕ್ಯಾನಿಕ್ ಕರಿಸಿದ್ದಪ್ಪನೊಬ್ಬನನ್ನು ಬಿಟ್ಟು. ಅಲ್ಲಿನ ದೂರಿನ ಪುಸ್ತಕವನ್ನು ಹನ್ನೊಂದು ವರ್ಷದಿಂದ ಬರೆಯುತ್ತಿದ್ದವನು ಅವನೇ. ತರಬೇತಿ ಮುಗಿದ ಮೇಲೆ ಗಂಗಾಂಬಿಕಾ ಹಿಂದಿನ ಶೆಡ್ಡಿಗೆ ಹೋದಳು. ಅವನು ಮೋಟಾರು ಬಿಚ್ಚಿಕೊಂಡು ಕೂತಿದ್ದ.

"ಯಾಕ ಬರಲಿಲ್ರಿ, ಕರಿಸಿದ್ದಪ್ಪಾರ?"

"ಮೇಲ್‌ನಾಗ ನೀವ ಬರ್ದೀರಲ್ರಿ ಮೇಡಂ, ಪುಸ್ತಕ ತಪ್ಪೈತಿ ಅಂತ. ತಪ್ಪು ಮಾಡ್ದಾವ ಬಂದು ಏನು ಕಲೀತಾನ?"

ಅವನು ಪುಸ್ತಕ ತೆಗೆದು ಫೆಬ್ರುವರಿಯ ಹಾಳೆಗಳನ್ನು ಮುಂದಿಟ್ಟ. ಹೊಳಲಿನ ದೂರು ಅದರಲ್ಲಿ ಇರಲೇ ಇಲ್ಲ.

ಗಂಗಾಂಬಿಕಾಳಿಗೆ ಆಗ ನೆನಪಾಯಿತು. ಆ ಫೋನ್ ಬಂದದ್ದು ತನ್ನ ಕಚೇರಿಗೆ. ತಾನೇ ಅದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದಳು. ಶಿವರಾತ್ರಿಯ ಶುಭಾಶಯಗಳ ನಡುವೆ ಅದು ಮುಚ್ಚಿಹೋಗಿತ್ತು.

"ನಿಮ್ಮ ಪುಸ್ತಕದ್ದು ತಪ್ಪಿಲ್ರಿ," ಎಂದಳು. "ದೂರು ಪುಸ್ತಕಕ್ಕ, ಕಚೇರಿ ಫೋನಿಗೆ, ವಾಟ್ಸ್ಆ್ಯಪ್‌ಗೆ ಅಂತ ಮೂರು ಕಡೆ ಬರ್ತಾವು, ಒಬ್ರಿಗೆ ಬಂದಿದ್ದು ಇನ್ನೊಬ್ರಿಗೆ ಗೊತ್ತಾಗಂಗಿಲ್ಲ. ನಾನು ಅದನ್ನ ಬರೀಬೇಕಿತ್ತು."

ಅವನು ಪುಸ್ತಕ ಮುಚ್ಚಿದ. "ಹಳ್ಯಾಗ ನೆಟ್‌ವರ್ಕ್ ಸಿಗಂಗಿಲ್ಲ. ಆವಾಗ?"

ಅವಳು ಫೋನಿನ ನೆಟ್‌ವರ್ಕ್ ಬಂದ್ ಮಾಡಿ ಆ್ಯಪ್‌ನಲ್ಲಿ ಒಂದು ದೂರು ಬರೆಸಿದಳು. ಅದು ಫೋನಿನಲ್ಲೇ ಉಳಿಯಿತು. ನೆಟ್‌ವರ್ಕ್ ಬಂದ ಕೂಡಲೇ ಕಚೇರಿಗೆ ಹೋಯಿತು. ಅವನು ಇನ್ನೆರಡು ಸಲ ಮಾಡಿ ನೋಡಿದ.

"ಎರಡು ವಾರ ಪುಸ್ತಕನೂ ನಡೀಲಿ, ಇದೂ ನಡೀಲಿ. ತಾಳೆ ನೋಡೋಣ," ಎಂದ.

ಅವಳು ಅಲ್ಲಿಂದಲೇ ಮೇಲಿನವರಿಗೆ ಫೋನ್ ಮಾಡಿ ಒಪ್ಪಿಸಿದಳು. ನಂತರ ಎಲ್ಲ ತಂಡಗಳಿಗೂ ಇನ್ನೊಂದು ಇಮೇಲ್ ಕಳಿಸಿದಳು: 'ಸೋಮವಾರ ನಾನು ಕೊಟ್ಟ ಕಾರಣ ತಪ್ಪು. ಹೊಳಲಿನ ದೂರು ಪುಸ್ತಕಕ್ಕೆ ತಲುಪಿರಲೇ ಇಲ್ಲ. ನಮ್ಮ ಕಚೇರಿಗೆ ಬಂದ ಅದನ್ನು ನಾನು ಸರಿಯಾಗಿ ದಾಟಿಸಿರಲಿಲ್ಲ. ಏಪ್ರಿಲ್ ಒಂದರಿಂದ ಹದಿನಾಲ್ಕರವರೆಗೆ ಪುಸ್ತಕ, ಆ್ಯಪ್ ಎರಡೂ ಇರುತ್ತವೆ. ಹದಿನೈದರಿಂದ ಆ್ಯಪ್ ಮಾತ್ರ.' ಕಳಿಸುವ ಮೊದಲು ಅವನಿಗೆ ಓದಿ ಹೇಳಿದಳು.

"ತಪ್ಪು ನಿಮ್ಮ ಹೆಸರಿಗೆ ಯಾಕ ಹಾಕ್ಕೊಂಡ್ರಿ?" ಎಂದ.

"ನಂದ ಆಗಿತ್ತಲ್ರಿ."

ಹದಿನೈದರ ಬೆಳಿಗ್ಗೆ ಒಂಬತ್ತಕ್ಕೆ ಅವಳ ಫೋನಿನಲ್ಲಿ ಕರಿಸಿದ್ದಪ್ಪನ ಧ್ವನಿ. "ಮೇಡಂ, ಹಿರೇಹಡಗಲಿಯಾಗ ಅದೀನಿ. ಕೆಲಸ ಮುಗೀತು. ಮುಗೀತು ಅಂತ ಎಲ್ಲಿ ಒತ್ತೋದ್ರಿ?"